ಪ್ರತಿ ಬೇಡವೆನ್ನುವುದು ಅವಿನಯವಲ್ಲ

ಕಚೇರಿಗೆ ಹೊಸದಾಗಿ ಸೇರಿದವರಿಗೆ ಹಿರಿಯರು ಹೇಳಿಕೊಡುವ ಬುದ್ಧಿಮಾತುಗಳಲ್ಲಿ ಇದೂ ಒಂದು: "ಸಿಸಿಯಲ್ಲಿ ನಿಮ್ಮ ಹೆಸರು ಹಾಕಿದ್ದಾರಾ, ಇರಲಿ ಬಿಡಿ. ಬೇಡದಿದ್ದರೆ ಡಿಲೀಟ್ ಮಾಡಿ. ತೆಗೆಯಿರಿ ಅಂತ ಕೇಳೋಕೆ ಹೋಗಬೇಡಿ, ಸುಮ್ಮನೆ ಮನಸ್ತಾಪ." ಸರ್ಕಾರಿ ಕಚೇರಿ, ಬ್ಯಾಂಕ್, ಕಾರ್ಖಾನೆ, ಸಾಫ್ಟ್‌ವೇರ್ ಕಂಪನಿ, ಎಲ್ಲಿ ಹೋದರೂ ಈ ಮಾತು ಒಂದೇ ಧಾಟಿಯಲ್ಲಿ ಕೇಳಿಬರುತ್ತದೆ. ಊಟಕ್ಕೆ ಕರೆದವರಿಗೆ ಬರುವುದಿಲ್ಲ ಎಂದರೆ ಅವರಿಗೆ ಹೇಗೆ ನೋವಾಗುತ್ತದೋ, ಪ್ರತಿ ಕಳಿಸಿದವರಿಗೆ ಬೇಡ ಎಂದರೂ ಹಾಗೆಯೇ ನೋವಾಗುತ್ತದೆ ಎಂಬ ನಂಬಿಕೆ ಇದರ ಹಿಂದಿದೆ. ಸುಮ್ಮನಿರುವುದು ವಿನಯ, ಕೇಳುವುದು ಉದ್ಧಟತನ ಎಂದು ನಾವು ತೀರ್ಮಾನಿಸಿಬಿಟ್ಟಿದ್ದೇವೆ.

ಈ ತೀರ್ಮಾನ ತಪ್ಪು, ಮತ್ತು ಅದರಿಂದ ಹಾನಿಯಿದೆ. ತನಗೆ ಸಂಬಂಧವಿಲ್ಲದ ಪತ್ರವ್ಯವಹಾರದ ಪ್ರತಿಯನ್ನು ಸುಮ್ಮನೆ ಪಡೆಯುತ್ತಾ, ಓದದೆ ಬದಿಗೆ ಸರಿಸುತ್ತಾ ಇರುವವರು ಕಳಿಸಿದವರನ್ನು ತಪ್ಪು ತಿಳುವಳಿಕೆಯಲ್ಲಿ ಇಡುತ್ತಿದ್ದಾರೆ. "ಇವರಿಗೆ ವಿಷಯ ಗೊತ್ತಿದೆ" ಎಂದು ಆ ಕಡೆಯವರು ನಂಬಿರುತ್ತಾರೆ. ಇವರಿಗೆ ಗೊತ್ತಿರುವುದಿಲ್ಲ. ಇಂಥ ಸುಳ್ಳು ನಂಬಿಕೆಯನ್ನು ತಿಂಗಳುಗಟ್ಟಲೆ ಮುಂದುವರಿಯಲು ಬಿಡುವುದನ್ನು ವಿನಯ ಎಂದು ಕರೆಯಲಾಗದು. ಸ್ಪಷ್ಟವಾಗಿ, ಗೌರವದಿಂದ "ನನ್ನ ಹೆಸರು ತೆಗೆಯಿರಿ" ಎನ್ನುವವರೇ ಎದುರಿನವರಿಗೆ ನಿಜವಾದ ಮರ್ಯಾದೆ ಕೊಡುವವರು.

ಪ್ರತಿ ಎಂಬುದು ಏತಕ್ಕೆ ಹುಟ್ಟಿತು ಎಂದು ಮೊದಲು ನೋಡೋಣ. ಟೈಪ್‌ರೈಟರ್ ಕಾಲದಲ್ಲಿ ಹಾಳೆಗಳ ನಡುವೆ ಕಾರ್ಬನ್ ಇಟ್ಟು ಪ್ರತಿ ತೆಗೆಯುತ್ತಿದ್ದರು. ಮೇಲಿನ ಹಾಳೆಯಲ್ಲಿ ಅಕ್ಷರ ಗಟ್ಟಿಯಾಗಿ ಮೂಡಿದರೆ, ಕೆಳಗೆ ಹೋದಂತೆ ಮಸುಕಾಗುತ್ತಿತ್ತು. ಐದಾರು ಪ್ರತಿ ದಾಟಿದರೆ ಓದುವುದೇ ಕಷ್ಟ. ಆದ್ದರಿಂದ ಯಾರಿಗೆ ಪ್ರತಿ ಬೇಕು ಎಂದು ಗುಮಾಸ್ತರು ಯೋಚಿಸಲೇಬೇಕಿತ್ತು. ಸರ್ಕಾರಿ ಪತ್ರದ ಕೊನೆಯನ್ನು ಇವತ್ತಿಗೂ ನೋಡಿ. "ಪ್ರತಿ" ಎಂದು ಬರೆದು, ಕ್ರಮಸಂಖ್ಯೆ ಹಾಕಿ, ಒಂದೊಂದು ಹೆಸರಿನ ಮುಂದೆಯೂ "ಮಾಹಿತಿಗಾಗಿ", "ಮುಂದಿನ ಕ್ರಮಕ್ಕಾಗಿ" ಎಂದು ಕಾರಣ ನಮೂದಿಸಿರುತ್ತಾರೆ. ಕೊನೆಯಲ್ಲಿ "ಕಚೇರಿ ಪ್ರತಿ" ಎಂದಿರುತ್ತದೆ. ಕಾಗದ ಕೈಗೆ ಬಂದವರಿಗೆ ತಾವು ಓದಿ ಇಟ್ಟುಕೊಳ್ಳಬೇಕೋ ಕೆಲಸ ಮಾಡಬೇಕೋ ಎಂಬ ಗೊಂದಲ ಇರುತ್ತಿರಲಿಲ್ಲ.

ಮೇಲ್ ಬಂದ ಮೇಲೆ ಆ ಕಾರಣದ ಸಾಲು ಬಿದ್ದುಹೋಯಿತು, ಹೆಸರು ಮಾತ್ರ ಉಳಿಯಿತು. ಮೇಲ್‌ನ ರೂಪವನ್ನು ನಿಗದಿಪಡಿಸುವ ಅಂತರಜಾಲ ಮಾನದಂಡವೊಂದಿದೆ, 2008ರ ಆರ್‌ಎಫ್‌ಸಿ 5322. ಸಿಸಿಯಲ್ಲಿರುವವರು ಸಂದೇಶವನ್ನು ಪಡೆಯುತ್ತಾರೆ, ಆದರೆ ಅದರ ವಿಷಯ ಅವರನ್ನು ಉದ್ದೇಶಿಸಿದ್ದೇ ಆಗಿರಬೇಕೆಂದಿಲ್ಲ ಎಂದಷ್ಟೇ ಅದು ಹೇಳುತ್ತದೆ. ಓದಬೇಕೋ, ಉತ್ತರಿಸಬೇಕೋ, ಸುಮ್ಮನಿರಬೇಕೋ ಎಂಬುದನ್ನು ಅದು ಹೇಳುವುದಿಲ್ಲ, ಹೇಳುವುದು ಅದರ ಕೆಲಸವೂ ಅಲ್ಲ. ಈ ಖಾಲಿ ಜಾಗವನ್ನು ಕಳಿಸುವವರು ಒಂದು ರೀತಿ ತುಂಬಿಕೊಳ್ಳುತ್ತಾರೆ, ಪಡೆಯುವವರು ಇನ್ನೊಂದು ರೀತಿ. ಕಳಿಸುವವರ ಮಟ್ಟಿಗೆ ಸಿಸಿ ಎಂದರೆ "ತಿಳಿಸಿದ್ದೇನೆ" ಎಂಬ ದಾಖಲೆ. ಪಡೆಯುವವರ ಮಟ್ಟಿಗೆ ಅದು "ನನಗಲ್ಲ" ಎಂಬ ಸೂಚನೆ. ಮಾತಾಡಿಕೊಳ್ಳದೆ ಹೋದರೆ ಈ ಎರಡು ಅರ್ಥಗಳು ಎಂದೂ ಎದುರುಬದುರಾಗುವುದಿಲ್ಲ. ಎದುರಾದಾಗ ಕೆಲಸ ಕೆಟ್ಟಿರುತ್ತದೆ.

ನನಗೆ ಚೆನ್ನಾಗಿ ಗೊತ್ತಿರುವ ಒಂದು ಪ್ರಕರಣ ಹೇಳುತ್ತೇನೆ. ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆ. ಅಲ್ಲಿ ಖರೀದಿ ವಿಭಾಗದಲ್ಲಿದ್ದ ಹೆಣ್ಣುಮಗಳೊಬ್ಬರಿಗೆ ಉತ್ಪಾದನಾ ಯೋಜನೆ ವಿಭಾಗಕ್ಕೆ ವರ್ಗವಾಯಿತು. ಖರೀದಿಯ ಕೆಲಸಕ್ಕೆ ಬೇರೊಬ್ಬರು ಬಂದರು. ಹೊಸಬರ ಹೆಸರನ್ನು ಸ್ಟೀಲ್ ರಾಡ್ ಪೂರೈಸುವ ವ್ಯಾಪಾರಿಗಳಿಗೆ ಫೋನ್‌ನಲ್ಲಿ ತಿಳಿಸಿಯೂ ಆಯಿತು. ಆದರೂ ಹಳಬರಿಗೆ ಮೇಲ್‌ಗಳು ಬರುವುದು ನಿಲ್ಲಲಿಲ್ಲ. ಕಾರಣ ಸರಳ. ವ್ಯಾಪಾರಿಯ ಕಡೆಯ ಗುಮಾಸ್ತರು ಹೊಸ ಮೇಲ್ ಬರೆಯುವ ಬದಲು, ಹುಡುಕಿದಾಗ ಸಿಕ್ಕ ಹಳೆಯ ಮೇಲ್ ತೆರೆದು, ರಿಪ್ಲೈ ಆಲ್ ಒತ್ತಿ, ಹೊಸ ವಿಷಯ ಬರೆಯುತ್ತಿದ್ದರು. ಹಳೆಯ ಮೇಲ್‌ನಲ್ಲಿ ಹಳಬರ ವಿಳಾಸವಿತ್ತು, ಅವರ ಮ್ಯಾನೇಜರ್ ವಿಳಾಸವಿತ್ತು, ಹೊಸಬರದು ಇರಲಿಲ್ಲ.

ಆ ಹೆಣ್ಣುಮಗಳು ಎಲ್ಲರೂ ಮಾಡುವುದನ್ನೇ ಮಾಡಿದರು. ದೊಡ್ಡ ವಯಸ್ಸಿನ ವ್ಯಾಪಾರಿ, ವರ್ಷಗಳ ಪರಿಚಯ, ಕಳಿಸಬೇಡಿ ಎಂದರೆ ಬೇಸರ ಮಾಡಿಕೊಂಡಾರು ಎಂದು ಒಂದು ಫಿಲ್ಟರ್ ಹಾಕಿ, ಆ ವಿಳಾಸದಿಂದ ಬಂದ ಮೇಲ್‌ಗಳೆಲ್ಲ ತಾವಾಗಿಯೇ ಬೇರೆ ಫೋಲ್ಡರಿಗೆ ಹೋಗುವಂತೆ ಮಾಡಿದರು. ಕೆಲವು ವಾರ ಎಲ್ಲವೂ ಸರಿಯಿತ್ತು. ಆಮೇಲೆ ಒಂದು ಮೇಲ್ ಬಂತು: ಕೇಳಿದ ಇಎನ್‌8 ಗ್ರೇಡಿನ ರಾಡ್ ದಾಸ್ತಾನಿನಲ್ಲಿಲ್ಲ, ಈ ಸಲದ ಲಾಟನ್ನು ಇಎನ್‌9ರಲ್ಲಿ ಕಳಿಸುತ್ತೇವೆ, ಆಕ್ಷೇಪಣೆ ಇದ್ದರೆ ಶುಕ್ರವಾರ ಸಂಜೆಯೊಳಗೆ ತಿಳಿಸಿ.

ಇಎನ್‌9ರಲ್ಲಿ ಇಂಗಾಲದ ಪ್ರಮಾಣ ಹೆಚ್ಚು. ಅದೇ ವೇಗದಲ್ಲಿ ಕೊರೆದರೆ ಟೂಲ್ ಬೇಗ ಸವೆಯುತ್ತದೆ. ಹದ ಮಾಡುವಾಗ ಇಎನ್‌8ಕ್ಕೆ ಇಟ್ಟ ಲೆಕ್ಕ ಇದಕ್ಕೆ ಹೊಂದುವುದಿಲ್ಲ, ಬಿರುಕು ಬಿಡುವ ಅಪಾಯ ಹೆಚ್ಚು. ಖರೀದಿಯವರು ಓದಿದ್ದರೆ ಒಂದೇ ಸಾಲಿನಲ್ಲಿ "ಬೇಡ" ಎನ್ನುತ್ತಿದ್ದರು. ಆದರೆ ಮೇಲ್ ಹೋಗಿದ್ದು ಓದದ ಫೋಲ್ಡರಿಗೆ. ಮ್ಯಾನೇಜರ್ ಕಣ್ಣಾಡಿಸಿ, ಖರೀದಿಯವರು ನೋಡಿಕೊಳ್ಳುತ್ತಾರೆ ಎಂದು ಮುಂದೆ ಹೋದರು. ಶುಕ್ರವಾರ ಕಳೆಯಿತು. ರಾಡ್ ಬಂತು, ಜೊತೆಗೆ ಬಂದ ಟೆಸ್ಟ್ ಸರ್ಟಿಫಿಕೇಟಿನಲ್ಲಿ ಗ್ರೇಡ್ ಸರಿಯಾಗಿಯೇ ನಮೂದಾಗಿತ್ತು. ಸ್ಟೋರ್‌ನವರು ತೂಕ, ಅಳತೆ ನೋಡಿ ಮುದ್ರೆ ಒತ್ತಿದರು. ಲೇತ್ ಮೇಲಿದ್ದ ಆಪರೇಟರ್ ಟೂಲ್ ಯಾಕೆ ಇಷ್ಟು ಬೇಗ ಹೋಗುತ್ತಿದೆ ಎಂದು ಕೇಳುವವರೆಗೆ ಯಾರಿಗೂ ಅನುಮಾನ ಬರಲಿಲ್ಲ. ಅಷ್ಟರಲ್ಲಿ ಲಾಟಿನ ಒಂದು ಭಾಗ ಕೊರೆದಾಗಿತ್ತು. ಉಳಿದದ್ದನ್ನು ವಾಪಸ್ ಕಳಿಸಿ, ಸರಿಯಾದ ರಾಡ್ ತರಿಸಿಕೊಳ್ಳುವವರೆಗೆ ಯಂತ್ರಗಳು ಬೇರೆ ಕೆಲಸಕ್ಕೆ ಹೊಂದಿಕೊಳ್ಳಬೇಕಾಯಿತು.

ವ್ಯಾಪಾರಿಯನ್ನು ಕೇಳಿದಾಗ ಅವರು ಹೇಳಿದ್ದು: "ಮೇಡಂಗೆ ಹಾಕಿದ್ದೆವಲ್ಲ, ಸರ್‌ಗೂ ಹಾಕಿದ್ದೆವು. ಯಾರೂ ಬೇಡ ಅನ್ನಲಿಲ್ಲ." ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಅವರು ತಿಳಿಸಿದ್ದರು. ಗಡುವು ಕೊಟ್ಟಿದ್ದರು. ಅವರ ಮೇಲ್ ಈಗ ಓದುವವರಿಲ್ಲದ ಕಡೆ ಹೋಗಿ ಬೀಳುತ್ತಿದೆ ಎಂಬ ಒಂದು ಸಂಗತಿಯನ್ನು ಮಾತ್ರ ಯಾರೂ ಅವರಿಗೆ ಬರೆದು ತಿಳಿಸಿರಲಿಲ್ಲ. ಬೇಸರವಾಗದಿರಲಿ ಎಂದು ಯಾರಿಗಾಗಿ ಸುಮ್ಮನಿದ್ದರೋ ಅವರೇ ಕೊನೆಗೆ ಕಾರ್ಖಾನೆಯ ಸಿಟ್ಟಿಗೆ ಗುರಿಯಾದರು.

"ಡಿಲೀಟ್ ಮಾಡಿದರಾಯಿತು, ಒಂದು ಸೆಕೆಂಡಿನ ಕೆಲಸ" ಎನ್ನುವವರಿಗೆ ನನ್ನ ಮೊದಲ ಉತ್ತರ ಈ ಪ್ರಕರಣವೇ. ಡಿಲೀಟ್ ಮಾಡಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ಇಲ್ಲಿ ಮುಖ್ಯವಲ್ಲ. ಡಿಲೀಟ್ ಆಗಿದ್ದು ಕಳಿಸಿದವರಿಗೆ ಕಾಣುವುದಿಲ್ಲ ಎಂಬುದು ಮುಖ್ಯ. ಈಗಿನ ಮೇಲ್ ವ್ಯವಸ್ಥೆಗಳು ಈ ಮೌನವನ್ನು ಇನ್ನೂ ಸುಲಭ ಮಾಡಿಕೊಟ್ಟಿವೆ. ಔಟ್‌ಲುಕ್‌ನಲ್ಲಿ ಒಂದು ಸಂಭಾಷಣೆಯನ್ನು ಇಗ್ನೋರ್ ಮಾಡಿದರೆ ಈಗಿರುವ ಮೇಲ್‌ಗಳ ಜೊತೆ ಮುಂದೆ ಬರುವವೂ ನೇರ ಡಿಲೀಟೆಡ್ ಫೋಲ್ಡರಿಗೆ ಹೋಗುತ್ತವೆ. ಜಿಮೇಲ್‌ನಲ್ಲಿ ಮ್ಯೂಟ್ ಒತ್ತಿದರೆ ಆ ಎಳೆಗೆ ಬರುವ ಉತ್ತರಗಳು ಇನ್‌ಬಾಕ್ಸಿಗೆ ಬಾರದೆ ಬದಿಗೆ ಸರಿಯುತ್ತವೆ. ಎರಡರಲ್ಲೂ ಎದುರಿನವರಿಗೆ ಯಾವ ಸೂಚನೆಯೂ ಹೋಗುವುದಿಲ್ಲ. ನಾಲ್ಕು ದಿನದ ಗದ್ದಲವನ್ನು ತಪ್ಪಿಸಿಕೊಳ್ಳಲು ಇವು ಒಳ್ಳೆಯ ಸಾಧನಗಳು. ಖಾಯಂ ಆಗಿ ಬರುವ ಪ್ರತಿಗೆ ಇವನ್ನು ಮದ್ದು ಮಾಡಿಕೊಂಡರೆ ರೋಗ ಕಾಣದಂತಾಗುತ್ತದೆ, ವಾಸಿಯಾಗುವುದಿಲ್ಲ.

ಎರಡನೆಯ ವಾದ ಸ್ವಲ್ಪ ಗಟ್ಟಿಯದು: "ಸಿಸಿಯಲ್ಲಿದ್ದರೆ ಒಳ್ಳೆಯದೇ, ನಾಳೆ ಏನಾದರೂ ಆದರೆ ನಮಗೂ ಗೊತ್ತಿರುತ್ತದೆ." ಇದನ್ನು ಹೇಳುವವರು ಪ್ರತಿಯನ್ನು ರಕ್ಷಣೆ ಎಂದು ಭಾವಿಸಿದ್ದಾರೆ. ಓದುವವರಿಗೆ ಅದು ರಕ್ಷಣೆಯಾಗಬಹುದು. ಓದದವರಿಗೆ ಅದು ಹೊರೆಯಾಗಿ ತಿರುಗುತ್ತದೆ. ವಿಚಾರಣೆ, ಆಡಿಟ್, ಗ್ರಾಹಕರ ದೂರು, ಯಾವುದೇ ಬಂದಾಗ ಮೊದಲು ತೆಗೆಯುವುದು ಮೇಲ್‌ನ ಪ್ರತಿ. ಅದರಲ್ಲಿ ನಿಮ್ಮ ವಿಳಾಸವಿದ್ದರೆ "ನಿಮಗೆ ತಿಳಿದಿತ್ತು, ಆದರೂ ಏನೂ ಮಾಡಲಿಲ್ಲ" ಎಂಬುದೇ ಸಹಜವಾದ ತೀರ್ಮಾನ. ಫಿಲ್ಟರ್ ಹಾಕಿದ್ದೆ ಎಂಬ ಸಮಜಾಯಿಷಿ ಅಲ್ಲಿ ನಿಲ್ಲುವುದಿಲ್ಲ, ಇನ್ನಷ್ಟು ಕೆಟ್ಟದಾಗಿ ಕಾಣುತ್ತದೆ. ತೆಗೆಯಿರಿ ಎಂದು ತಾರೀಖು ಸಹಿತ ಬರೆದ ಒಂದು ಮೇಲ್ ನಿಮ್ಮ ಬಳಿ ಇದ್ದರೆ ಮಾತ್ರ ಆ ಮಾತಿಗೆ ಉತ್ತರವಿರುತ್ತದೆ.

ಮೂರನೆಯ ವಾದವನ್ನು ಕಂಪ್ಯೂಟರ್ ಬಲ್ಲವರು ತರುತ್ತಾರೆ, ಅದಕ್ಕೆ ಚರಿತ್ರೆಯ ಆಧಾರವೂ ಇದೆ. ಜನ "ನನ್ನನ್ನು ತೆಗೆಯಿರಿ" ಎಂದು ಕೇಳಿದ್ದರಿಂದಲೇ ದೊಡ್ಡ ದೊಡ್ಡ ಮೇಲ್ ವ್ಯವಸ್ಥೆಗಳು ಕುಸಿದಿವೆ ಎಂಬುದು ಆ ವಾದ. 1997ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ಕಂಪನಿಯೊಳಗೆ ಹಾಗಾಯಿತು. "ಬೆಡ್‌ಲಾಮ್ ಡಿಎಲ್3" ಎಂಬ ಹೆಸರಿನ ಗುಂಪಿನಲ್ಲಿ ಸಾವಿರಾರು ನೌಕರರ ವಿಳಾಸಗಳಿದ್ದವು. ನಾನು ಈ ಗುಂಪಿನಲ್ಲಿ ಯಾಕಿದ್ದೇನೆ, ತೆಗೆಯಿರಿ ಎಂದು ಒಬ್ಬರು ಗುಂಪಿಗೇ ಬರೆದರು. ನನ್ನನ್ನೂ ತೆಗೆಯಿರಿ ಎಂದು ಮತ್ತೊಬ್ಬರು, ಎಲ್ಲರಿಗೂ ಉತ್ತರಿಸಬೇಡಿ ಎಂದು ಎಲ್ಲರಿಗೂ ಉತ್ತರಿಸಿದವರು ಇನ್ನಷ್ಟು ಮಂದಿ. ಒಂದೂವರೆ ಕೋಟಿಯಷ್ಟು ಮೇಲ್‌ಗಳು ಹರಿದು ವ್ಯವಸ್ಥೆ ಏದುಸಿರು ಬಿಟ್ಟಿತು. 2016ರ ನವೆಂಬರ್‌ನಲ್ಲಿ ಬ್ರಿಟನ್ನಿನ ಸಾರ್ವಜನಿಕ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲೂ ಇದೇ ನಡೆಯಿತು. ಲಂಡನ್ನಿನ ಕ್ರಾಯ್ಡನ್ ಭಾಗದ ಸಣ್ಣ ಗುಂಪಿಗೆ ಹೋಗಬೇಕಿದ್ದ ಪರೀಕ್ಷಾ ಮೇಲ್ 8 ಲಕ್ಷಕ್ಕೂ ಹೆಚ್ಚು ಮಂದಿಗೆ ಹೋಯಿತು. ತೆಗೆಯಿರಿ ಎಂಬ ಕೋರಿಕೆಗಳು ರಿಪ್ಲೈ ಆಲ್ ಮೂಲಕ ಎಲ್ಲರಿಗೂ ಹೋಗತೊಡಗಿ, ವೈದ್ಯರ ನಿಜವಾದ ಮೇಲ್‌ಗಳು ತಡವಾದವು.

ಈ ಎರಡು ಘಟನೆಗಳಿಂದ ಕೇಳಲೇಬಾರದು ಎಂಬ ಪಾಠ ತೆಗೆಯುವುದು ಅವಸರದ ತೀರ್ಮಾನ. ಅಲ್ಲಿ ಕೇಳಿದವರ ತಪ್ಪು ಕೇಳಿದ್ದರಲ್ಲಿರಲಿಲ್ಲ, ಯಾರನ್ನು ಕೇಳಿದರು ಎಂಬುದರಲ್ಲಿತ್ತು. ಗುಂಪಿನಿಂದ ತೆಗೆಯುವ ಅಧಿಕಾರ ಆ ಸಾವಿರಾರು ಜನರಲ್ಲಿ ಒಬ್ಬಿಬ್ಬರಿಗೆ ಮಾತ್ರ ಇತ್ತು. ಕೋರಿಕೆ ಹೋಗಿದ್ದು ಅಧಿಕಾರವಿಲ್ಲದ ಎಲ್ಲರಿಗೂ. 2020ರಲ್ಲಿ ಮೈಕ್ರೋಸಾಫ್ಟ್ ತನ್ನ ಮೇಲ್ ಸೇವೆಯಲ್ಲಿ ಇಂಥ ಬಿರುಗಾಳಿಯನ್ನು ಗುರುತಿಸಿ, ದೊಡ್ಡ ಗುಂಪಿಗೆ ಹೋಗುವ ರಿಪ್ಲೈ ಆಲ್‌ಗಳನ್ನು ಕೆಲವು ಗಂಟೆ ತಡೆಹಿಡಿಯುವ ವ್ಯವಸ್ಥೆ ತಂದಿತು. ಅದು ಗದ್ದಲವನ್ನು ತಡೆಯುತ್ತದೆ. ಸರಿಯಾದ ವ್ಯಕ್ತಿಯನ್ನು ಕೇಳುವ ಕೆಲಸ ನಮ್ಮದಾಗಿಯೇ ಉಳಿಯುತ್ತದೆ.

ಸರಿಯಾದ ವ್ಯಕ್ತಿ ಯಾರು? ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಒಮ್ಮೆ ಕೇಳಿಯೂ ಮೇಲ್ ನಿಲ್ಲದಿದ್ದಾಗ "ಕೇಳಿ ಪ್ರಯೋಜನವಿಲ್ಲ" ಎಂದು ಕೈಬಿಟ್ಟವರನ್ನು ನಾನು ಬಹಳ ನೋಡಿದ್ದೇನೆ. ಪ್ರತಿ ಮೂರು ದಾರಿಯಲ್ಲಿ ಬರುತ್ತದೆ. ಮೊದಲನೆಯದು, ಯಾರೋ ನಿಮ್ಮ ವಿಳಾಸವನ್ನು ಸಿಸಿಯಲ್ಲಿ ನೇರವಾಗಿ ಹಾಕಿರುತ್ತಾರೆ. ಮೇಲ್ ತೆರೆದಾಗ ನಿಮ್ಮ ಹೆಸರೇ ಕಾಣುತ್ತದೆ. ಆಗ ಕೇಳಬೇಕಾದ್ದು ಆ ಎಳೆಯನ್ನು ಶುರು ಮಾಡಿದವರನ್ನು. ಕೊನೆಯಲ್ಲಿ ಉತ್ತರಿಸಿದವರನ್ನು ಕೇಳಿದರೆ ಅವರು ತಮ್ಮ ಮೇಲ್‌ನಿಂದ ತೆಗೆದಾರು. ಹಳೆಯ ಮೇಲ್‌ಗೆ ಇನ್ನೊಬ್ಬರು ರಿಪ್ಲೈ ಆಲ್ ಒತ್ತಿದ ತಕ್ಷಣ ನೀವು ಮತ್ತೆ ಒಳಗೆ ಬರುತ್ತೀರಿ.

ಎರಡನೆಯದು ಗ್ರೂಪ್ ಐಡಿ. ಮೇಲ್‌ನಲ್ಲಿ ನಿಮ್ಮ ಹೆಸರು ಎಲ್ಲೂ ಇಲ್ಲ, "ಪರ್ಚೇಸ್ ಟೀಮ್" ಎಂಬಂಥ ಒಂದು ವಿಳಾಸವಿದೆ, ಆದರೂ ನಿಮಗೆ ಬಂದಿದೆ ಎಂದರೆ ನೀವು ಆ ಗುಂಪಿನ ಸದಸ್ಯರು. ಇಲ್ಲಿ ಕಳಿಸಿದವರನ್ನು ಕೇಳಿ ಉಪಯೋಗವಿಲ್ಲ, ಅವರ ಕೈಯಲ್ಲಿ ಅದು ಇಲ್ಲ. ಗುಂಪಿನ ಮಾಲೀಕರು ಯಾರೆಂದು ಐಟಿ ವಿಭಾಗದಲ್ಲಿ ವಿಚಾರಿಸಿ ಅವರೊಬ್ಬರಿಗೇ ಬರೆಯಬೇಕು. ಮೂರನೆಯದು, ಯಂತ್ರ ಕಳಿಸುವ ವರದಿ: ದಿನಾ ಬೆಳಗ್ಗೆ ಒಂದೇ ಹೊತ್ತಿಗೆ, ಒಂದೇ ಶೀರ್ಷಿಕೆಯಲ್ಲಿ ಬರುವ ದಾಸ್ತಾನು ಪಟ್ಟಿ, ಹಾಜರಾತಿ ಪಟ್ಟಿ. ಇದಕ್ಕೆ ಉತ್ತರ ಬರೆದರೆ ಓದುವವರೇ ಇರುವುದಿಲ್ಲ. ಆ ವರದಿಯನ್ನು ಹೊಂದಿಸಿದವರನ್ನು ಹುಡುಕಬೇಕು. ಈ ಮೂರರಲ್ಲಿ ಯಾವುದು ಎಂದು ತಿಳಿಯದೆ ಬರೆದ ಕೋರಿಕೆ ಎಷ್ಟೇ ವಿನಯದ್ದಾದರೂ ವ್ಯರ್ಥ.

ಇನ್ನು ಹೇಗೆ ಕೇಳಬೇಕು ಎಂಬುದು. ಸಭ್ಯವಾಗಿ ಕೇಳುವುದೆಂದರೆ ಮೆತ್ತಗೆ, ಸುತ್ತಿ ಬಳಸಿ ಕೇಳುವುದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಹಾಗೆ ಬರೆದ ಒಂದು ಮೇಲ್ ಹೀಗಿರುತ್ತದೆ: "ಸರ್, ತಮಗೆ ತೊಂದರೆಯಾಗದಿದ್ದಲ್ಲಿ, ಈ ಮೇಲ್‌ಗಳಲ್ಲಿ ನನ್ನ ಹೆಸರು ಇರುವ ಅಗತ್ಯವಿದೆಯೇ ಎಂದು ಬಿಡುವಿದ್ದಾಗ ಒಮ್ಮೆ ಪರಿಶೀಲಿಸಬಹುದೇ?" ಇದನ್ನು ಓದಿದವರಿಗೆ ಕಾಣುವುದು ಒಂದು ಪ್ರಶ್ನೆ. ಅವರು ಒಳ್ಳೆಯ ಮನಸ್ಸಿನಿಂದಲೇ "ಪರವಾಗಿಲ್ಲಮ್ಮ, ನಿಮಗೂ ಗೊತ್ತಿರಲಿ" ಎಂದು ಉತ್ತರಿಸುತ್ತಾರೆ. ಈಗ ಪರಿಸ್ಥಿತಿ ಮೊದಲಿಗಿಂತ ಬಿಗಡಾಯಿಸಿತು, ಏಕೆಂದರೆ ಪ್ರತಿ ಪಡೆಯಲು ನೀವು ಒಪ್ಪಿದಂತೆ ದಾಖಲೆಯಾಯಿತು. ಕೆಲವು ತಿಂಗಳು ಸಹಿಸಿ, ಒಂದು ದಿನ ತಾಳ್ಮೆ ತಪ್ಪಿ "ದಯವಿಟ್ಟು ಇಂಥ ಮೇಲ್‌ಗಳನ್ನು ಕಳಿಸುವುದನ್ನು ನಿಲ್ಲಿಸಿ" ಎಂದು ಬರೆಯುವವರು ಹೆಚ್ಚಾಗಿ ಇವರೇ. ಒರಟಾದ ಆ ಸಾಲಿನ ಬೇರು ಮೊದಲಿನ ಅಸ್ಪಷ್ಟ ಸಾಲಿನಲ್ಲಿದೆ.

ಪೀಣ್ಯದ ಆ ಪ್ರಕರಣದಲ್ಲಿ, ವರ್ಗವಾದ ವಾರದಲ್ಲೇ ವ್ಯಾಪಾರಿಗೆ ಹೀಗೆ ಬರೆದಿದ್ದರೆ ಸಾಕಿತ್ತು:

"ನಮಸ್ಕಾರ ಸರ್. ಈ ತಿಂಗಳಿಂದ ನಾನು ಉತ್ಪಾದನಾ ಯೋಜನೆ ವಿಭಾಗದಲ್ಲಿದ್ದೇನೆ. ರಾಡ್ ಖರೀದಿಯನ್ನು ನನ್ನ ಸಹೋದ್ಯೋಗಿ ನೋಡಿಕೊಳ್ಳುತ್ತಾರೆ, ಅವರ ವಿಳಾಸ ಈ ಮೇಲ್‌ನಲ್ಲಿದೆ. ಆರ್ಡರ್, ದರ, ಗ್ರೇಡ್, ಡೆಲಿವರಿ ಕುರಿತ ಮೇಲ್‌ಗಳನ್ನು ಇನ್ನು ಮುಂದೆ ಅವರಿಗೇ ಕಳಿಸಿ. ನನ್ನ ವಿಳಾಸವನ್ನು ದಯವಿಟ್ಟು ತೆಗೆಯಿರಿ. ಹಳೆಯ ಮೇಲ್‌ಗೆ ಉತ್ತರ ಬರೆಯುವಾಗಲೂ ವಿಳಾಸ ಬದಲಿಸಿಕೊಳ್ಳಿ. ಸೋಮವಾರದ ನಂತರ ಈ ವಿಷಯದ ಮೇಲ್‌ಗಳನ್ನು ನಾನು ನೋಡುವುದಿಲ್ಲ. ನನ್ನ ಕಾಲದ ಬಿಲ್‌ಗಳ ಬಗ್ಗೆ ಏನಾದರೂ ಕೇಳುವುದಿದ್ದರೆ ನನಗೆ ನೇರವಾಗಿ ಬರೆಯಿರಿ, ಖಂಡಿತ ಉತ್ತರಿಸುತ್ತೇನೆ."

ಇದರಲ್ಲಿ ಯಾವ ಸಾಲು ಅವಿನಯದ್ದು? ಕಾರಣ ಮೊದಲೇ ಇದೆ, ಅದೂ ಕೆಲಸಕ್ಕೆ ಸಂಬಂಧಿಸಿದ ಕಾರಣ. ನಿಮ್ಮ ಮೇಲ್‌ಗಳು ಹೆಚ್ಚಾದವು ಎಂಬ ದೂರು ಇಲ್ಲ. ತನ್ನ ಬದಲು ಯಾರು ಎಂಬುದಿದೆ, ಆದ್ದರಿಂದ ಕಳಿಸುವವರು ಅನಾಥರಾಗುವುದಿಲ್ಲ. ಯಾವ ಬಗೆಯ ಮೇಲ್ ಬೇಡ ಎಂಬುದರ ಜೊತೆ ಯಾವುದಕ್ಕೆ ಇನ್ನೂ ಬರೆಯಬಹುದು ಎಂಬುದೂ ಇದೆ. ಹಳೆಯ ಮೇಲ್‌ನಿಂದ ವಿಳಾಸ ಮರಳಿ ನುಸುಳುವ ದಾರಿಯನ್ನು ಮುಚ್ಚಲಾಗಿದೆ. "ತೆಗೆಯಿರಿ" ಎಂಬುದು ಕೋರಿಕೆಯಾಗಿ ನಿಂತಿದೆ, ಪ್ರಶ್ನೆಯಾಗಿ ಜಾರಿಲ್ಲ.

ಜನ ಬರೆಯಲು ಹೆದರುವ ಸಾಲು ಒಂದಿದೆ: "ಸೋಮವಾರದ ನಂತರ ನಾನು ನೋಡುವುದಿಲ್ಲ." ಇಷ್ಟು ಖಡಾಖಂಡಿತ ಹೇಳಬೇಕೆ ಎಂದು ಕೇಳುತ್ತಾರೆ. ಇಡೀ ಮೇಲ್‌ನಲ್ಲಿ ಕಳಿಸುವವರಿಗೆ ಅತ್ಯಂತ ಉಪಕಾರಿಯಾದ ಸಾಲು ಅದೇ ಎಂದು ನನ್ನ ಖಚಿತ ಅಭಿಪ್ರಾಯ. ಉಳಿದೆಲ್ಲ ಸಾಲುಗಳು ಕೋರಿಕೆ, ಇದು ಮಾಹಿತಿ. ಅದು ಗೊತ್ತಾದ ವ್ಯಾಪಾರಿ ಗ್ರೇಡ್ ಬದಲಾವಣೆಯಂಥ ಮುಖ್ಯ ವಿಷಯವನ್ನು ಆ ವಿಳಾಸಕ್ಕೆ ಬರೆದು ನಿಶ್ಚಿಂತೆಯಾಗಿ ಕೂರುವುದಿಲ್ಲ. ಅವರ ಭಾವನೆಯನ್ನು ಕಾಪಾಡಲು ಈ ಮಾಹಿತಿಯನ್ನು ಬಚ್ಚಿಟ್ಟರೆ ಅವರ ವ್ಯವಹಾರವನ್ನು ಅಪಾಯಕ್ಕೆ ದೂಡಿದಂತೆ.

ಮೇಲಧಿಕಾರಿಯೇ ಪ್ರತಿ ಕಳಿಸುತ್ತಿದ್ದರೆ? ಅಲ್ಲಿ ಹೇಳುವ ಬಗೆ ಬದಲಾಗಬೇಕು, ಸ್ಪಷ್ಟತೆ ಬದಲಾಗಬೇಕಿಲ್ಲ. ಅಧಿಕಾರಿ ಪ್ರತಿ ಹಾಕಿದ್ದಕ್ಕೆ ಅವರದೇ ಕಾರಣವಿರಬಹುದು, ಅದು ನಿಮಗೆ ತಿಳಿಯದಿರಬಹುದು. ಆದ್ದರಿಂದ ನಿರ್ಧಾರವನ್ನು ಅವರಿಗೆ ಬಿಟ್ಟು, ಎರಡೇ ದಾರಿ ಇರುವಂತೆ ಕೇಳಿ: "ಸರ್, ದಿನದ ಡಿಸ್ಪ್ಯಾಚ್ ಮೇಲ್‌ಗಳಲ್ಲಿ ನಾನು ಮಾಡಬೇಕಾದ ಕೆಲಸ ಇದುವರೆಗೆ ಬಂದಿಲ್ಲ. ನಾನು ಗಮನಿಸಬೇಕಾದ ಅಂಶವಿದ್ದರೆ ಯಾವುದೆಂದು ತಿಳಿಸಿ, ಅದನ್ನು ತಪ್ಪದೆ ನೋಡುತ್ತೇನೆ. ಇಲ್ಲದಿದ್ದರೆ ನನ್ನನ್ನು ಈ ಪಟ್ಟಿಯಿಂದ ಬಿಡಿ, ವಾರದ ಸಾರಾಂಶ ನನಗೆ ಸಾಕು." ಇಲ್ಲಿ ಅಧಿಕಾರಿ ಯಾವುದನ್ನೇ ಆರಿಸಿದರೂ ಹಿಂದಿನ ಅಸ್ಪಷ್ಟ ಸ್ಥಿತಿ ಮುಗಿಯುತ್ತದೆ. ಬೇಕು ಎಂದರೆ ಏತಕ್ಕೆ ಬೇಕು ಎಂದು ತಿಳಿಯುತ್ತದೆ. ಅದು ತಿಳಿದ ಮೇಲೆ ಆ ಮೇಲ್ ಅನಗತ್ಯ ಪ್ರತಿಯಾಗಿ ಉಳಿಯುವುದಿಲ್ಲ.

ಈ ಕೋರಿಕೆಗೆ ಮಿತಿಯಿದೆ ಎಂಬುದನ್ನು ಒಪ್ಪುತ್ತೇನೆ. ನಿಮ್ಮ ಹುದ್ದೆಯೇ ಹೊಣೆ ಹೊರಿಸಿರುವ ವಿಷಯದಲ್ಲಿ, ಸುರಕ್ಷತೆಯ ವರದಿಯಾಗಲಿ, ಲೆಕ್ಕಪತ್ರದ ಒಪ್ಪಿಗೆಯಾಗಲಿ, ಓದಲು ಬೇಸರವೆಂದು ಹೆಸರು ತೆಗೆಸಿಕೊಳ್ಳುವುದು ಜವಾಬ್ದಾರಿಯಿಂದ ಜಾರಿಕೊಳ್ಳುವುದೇ ಆಗುತ್ತದೆ. ವಿವಾದ ನಡೆಯುತ್ತಿರುವ ಎಳೆಯಿಂದ ನಡುವೆ ಹೊರಬರುವ ಮುನ್ನ ಮೇಲಧಿಕಾರಿಯನ್ನು ಕೇಳಬೇಕು. ಗುರುತುಪರಿಚಯವಿಲ್ಲದವರು ಕಳಿಸುವ ಮೋಸದ ಮೇಲ್‌ಗಳಿಗೆ "ತೆಗೆಯಿರಿ" ಎಂದು ಬರೆಯಲೇಬಾರದು. ಉತ್ತರಿಸಿದರೆ ಈ ವಿಳಾಸದಲ್ಲಿ ಓದುವವರಿದ್ದಾರೆ ಎಂದು ಅವರಿಗೆ ಖಾತ್ರಿಯಾಗುತ್ತದೆ. ಅಂಥದ್ದನ್ನು ಸ್ಪ್ಯಾಮ್ ಎಂದು ಗುರುತಿಸಿ ಬಿಡುವುದೇ ಸರಿ. ಈ ಮಿತಿಗಳ ಒಳಗೆ ಬರುವ ದಿನನಿತ್ಯದ ನೂರಾರು ಪ್ರತಿಗಳ ಬಗ್ಗೆ ಮಾತ್ರ ನನ್ನ ವಾದ.

ವಿಚಿತ್ರವೆಂದರೆ, ಅಪರಿಚಿತ ವ್ಯಾಪಾರ ಸಂಸ್ಥೆಗಳ ವಿಷಯದಲ್ಲಿ ನಾವು ಈ ಹಕ್ಕನ್ನು ಯಾವ ಸಂಕೋಚವಿಲ್ಲದೆ ಒಪ್ಪಿಕೊಂಡಿದ್ದೇವೆ. 2023ರಲ್ಲಿ ನಮ್ಮ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂತೆಗೆದುಕೊಳ್ಳುವುದೂ ಅಷ್ಟೇ ಸುಲಭವಿರಬೇಕು ಎನ್ನುತ್ತದೆ. ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸುವವರು ತಮ್ಮ ಪ್ರಚಾರದ ಮೇಲ್‌ಗಳಲ್ಲಿ ಒಂದೇ ಒತ್ತಿಗೆ ಹೊರಬರುವ ಸೌಲಭ್ಯ ಕೊಡಲೇಬೇಕು, ಕೇಳಿದ ಎರಡು ದಿನದೊಳಗೆ ತೆಗೆಯಬೇಕು ಎಂದು ಜಿಮೇಲ್ 2024ರಲ್ಲಿ ನಿಯಮ ತಂದಿತು. ಸೀರೆ ಅಂಗಡಿಯ ಮೇಲ್ ಬೇಡವೆಂದರೆ ಯಾರೂ ನಮ್ಮನ್ನು ಸೊಕ್ಕಿನವರೆನ್ನುವುದಿಲ್ಲ. ದಿನಾ ಜೊತೆಗೆ ಕೆಲಸ ಮಾಡುವವರ ನಡುವೆ, ತಪ್ಪು ತಿಳಿವಿನಿಂದ ನಿಜವಾದ ನಷ್ಟವಾಗುವ ಕಡೆ, ಅದೇ ಮಾತನ್ನು ಬಾಯಲ್ಲೇ ನುಂಗಿಕೊಳ್ಳಬೇಕೆಂದು ಬಯಸುತ್ತೇವೆ.

ಬದಲಾಗಬೇಕಾದ್ದು ಕೇಳುವವರು ಮಾತ್ರವಲ್ಲ, ಕೇಳಿಸಿಕೊಳ್ಳುವವರೂ ಹೌದು. ಕೋರಿಕೆ ಬಂದಾಗ ಕಳಿಸುವವರು ಮಾಡಬೇಕಾದ್ದು ಅಲ್ಪ. "ತೆಗೆದಿದ್ದೇನೆ" ಎಂದು ಒಂದು ಸಾಲಿನ ಉತ್ತರ. ಎಳೆ ಇನ್ನೂ ನಡೆಯುತ್ತಿದ್ದರೆ, ಅವರ ವಿಳಾಸವನ್ನು ಒಮ್ಮೆ ಬಿಸಿಸಿಗೆ ಸರಿಸಿ, ಇವರನ್ನು ಇಲ್ಲಿಂದ ಬಿಡುತ್ತಿದ್ದೇನೆ ಎಂದು ಮೇಲ್‌ನಲ್ಲೇ ಬರೆಯಬೇಕು. ಆ ಮೇಲ್ ಅವರಿಗೆ ತಲುಪುತ್ತದೆ, ತಾವು ಹೊರಬಂದದ್ದು ತಿಳಿಯುತ್ತದೆ. ಬಿಸಿಸಿಯಲ್ಲಿರುವ ವಿಳಾಸ ಉಳಿದವರಿಗೆ ಹೋಗುವುದೇ ಇಲ್ಲವಾದ್ದರಿಂದ, ಆ ಮೇಲ್‌ಗೆ ಬರುವ ರಿಪ್ಲೈ ಆಲ್‌ಗಳಲ್ಲಿ ಅವರ ವಿಳಾಸ ಇರುವುದಿಲ್ಲ. ಹೊಸ ಎಳೆ ಶುರು ಮಾಡುವಾಗ, ಹಳೆಯ ಸರ್ಕಾರಿ ಪತ್ರಗಳಂತೆ, ಯಾರಿಗೆ ಏತಕ್ಕೆ ಪ್ರತಿ ಎಂದು ಮೊದಲ ಸಾಲಿನಲ್ಲೇ ಹೇಳುವ ರೂಢಿಯಿದ್ದರೆ ಈ ಕೋರಿಕೆಗಳ ಸಂಖ್ಯೆಯೇ ಇಳಿಯುತ್ತದೆ. ವಿಭಾಗ ಬದಲಾಯಿಸುವವರ ಹಸ್ತಾಂತರ ಪಟ್ಟಿಯಲ್ಲಿ ಕಡತ, ಬೀಗದ ಕೈ, ಪಾಸ್‌ವರ್ಡ್ ಜೊತೆಗೆ "ಯಾರ್ಯಾರಿಗೆ ವಿಳಾಸ ತೆಗೆಯಲು ಬರೆದಿದೆ" ಎಂಬ ಸಾಲನ್ನೂ ಕಚೇರಿಗಳು ಸೇರಿಸಬೇಕು. ಅಲ್ಲಿಗೆ ಇದು ಒಬ್ಬೊಬ್ಬರ ಧೈರ್ಯದ ಪ್ರಶ್ನೆಯಾಗಿ ಉಳಿಯದೆ ಕೆಲಸದ ಕ್ರಮವಾಗುತ್ತದೆ.

ಅಲ್ಲಿಯವರೆಗೆ, ಹೊಸದಾಗಿ ಸೇರಿದವರಿಗೆ ಹಿರಿಯರು ಬೇರೆ ಬುದ್ಧಿಮಾತು ಹೇಳಲಿ. ನಿಮಗೆ ಸಂಬಂಧವಿಲ್ಲದ ಪ್ರತಿ ಎರಡನೆಯ ಸಲ ಬಂದಾಗಲೇ ಬರೆಯಿರಿ. ಎಳೆ ಶುರು ಮಾಡಿದವರಿಗೆ ಅಥವಾ ಗುಂಪಿನ ಮಾಲೀಕರಿಗೆ ಮಾತ್ರ ಬರೆಯಿರಿ. ಕಾರಣ ಹೇಳಿ, ಬದಲಿ ಹೆಸರು ಕೊಡಿ, ಯಾವ ದಿನದಿಂದ ನೀವು ಓದುವುದಿಲ್ಲ ಎಂದು ತಿಳಿಸಿ. ಅದನ್ನು ಓದಿ ಮುಖ ಗಂಟಿಕ್ಕುವವರು ಒಬ್ಬಿಬ್ಬರು ಇದ್ದೇ ಇರುತ್ತಾರೆ. ತಮ್ಮ ಮಾತನ್ನು ಯಾರು ಓದುತ್ತಿದ್ದಾರೆ, ಯಾರು ಓದುತ್ತಿಲ್ಲ ಎಂದು ತಿಳಿಯುವ ಹಕ್ಕು ಅವರಿಗೂ ಇದೆ. ಅವರು ಗಂಟಿಕ್ಕಿದರೂ ನೀವು ಅದನ್ನು ತಿಳಿಸಲೇಬೇಕು.